ಸಿಪಿಆರ್ ಇಳಿದಾಗ ಟಿಎಫ್‌ಆರ್ ಯಾಕೆ ಏರಲಿಲ್ಲ?

ಮೊದಲು ಮೂರು ಜೋಡಿ ಅಂಕಿಗಳನ್ನು ಹಲಗೆಯ ಮೇಲೆ ಬರೆಯುತ್ತೇನೆ. ಮೂರೂ ಕರ್ನಾಟಕದವು, ಮೂರೂ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಿಂದ ಬಂದವು. 2005-06ರಲ್ಲಿ, ಮದುವೆಯಾಗಿ ಸಂಸಾರ ಮಾಡುತ್ತಿರುವ 15ರಿಂದ 49 ವರ್ಷದ ಹೆಂಗಸರಲ್ಲಿ ಯಾವುದಾದರೊಂದು ಗರ್ಭನಿರೋಧಕ ವಿಧಾನ ಬಳಸುತ್ತಿದ್ದವರು ಸುಮಾರು ಶೇ. 64; ಇದೇ ಗರ್ಭನಿರೋಧಕ ಬಳಕೆ ದರ, ಅಂದರೆ ಸಿಪಿಆರ್. ಆಗ ಒಬ್ಬ ಹೆಂಗಸಿಗೆ ಎಷ್ಟು ಮಕ್ಕಳು ಎಂದು ಅಂದಾಜಿಸುವ ಒಟ್ಟು ಫಲವತ್ತತೆ ದರ, ಅಂದರೆ ಟಿಎಫ್‌ಆರ್, 2.1. 2015-16ಕ್ಕೆ ಬನ್ನಿ: ಬಳಕೆ ಶೇ. 52, ಟಿಎಫ್‌ಆರ್ 1.8. 2019-21ರ ಸುತ್ತು: ಬಳಕೆ ಶೇ. 69, ಟಿಎಫ್‌ಆರ್ 1.7.

ನಡುವಿನ ಜೋಡಿಯನ್ನು ನೋಡಿ. ಬಳಸುವವರು ನೂರಕ್ಕೆ ಹನ್ನೆರಡು ಮಂದಿ ಕಡಿಮೆಯಾದರು. ಮಕ್ಕಳು ಹೆಚ್ಚಬೇಕಿತ್ತಲ್ಲ? ಇನ್ನೂ ಕಡಿಮೆಯಾದರು. ಆಮೇಲಿನ ನಾಲ್ಕು ವರ್ಷದಲ್ಲಿ ಬಳಕೆ ಹದಿನೇಳು ಅಂಶ ಜಿಗಿಯಿತು, ಟಿಎಫ್‌ಆರ್ ಇಳಿದದ್ದು ಮಾತ್ರ 0.1. ಇದನ್ನು ಬಿಡಿಸಬೇಕಾದರೆ ಈ ಅಂಕಿಗಳು ಯಾವ ವಹಿಯಿಂದ, ಯಾವ ಭಾಗಾಕಾರದಿಂದ ಹುಟ್ಟುತ್ತವೆ ಎಂದು ತಿಳಿದಿರಬೇಕು. ಹಾಗಾಗಿ ಒಗಟನ್ನು ಸ್ವಲ್ಪ ಹೊತ್ತು ಹಲಗೆಯ ಮೇಲೇ ಬಿಟ್ಟು, ಒಂದು ಕಾಲ್ಪನಿಕ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗೋಣ. ಬಯಲುಸೀಮೆಯ ಲೆಕ್ಕದಲ್ಲಿ ಅದರ ಜನಸಂಖ್ಯೆ 30,000. ವರ್ಷಕ್ಕೆ 453 ಮಕ್ಕಳು ಹುಟ್ಟಿದರು ಅಂದುಕೊಳ್ಳಿ.

ಕಚ್ಚಾ ಜನನ ದರ ಎಲ್ಲಕ್ಕಿಂತ ಸುಲಭ. 453ನ್ನು 30,000ದಿಂದ ಭಾಗಿಸಿ ಸಾವಿರದಿಂದ ಗುಣಿಸಿದರೆ 15.1. ಇದನ್ನು ಕಚ್ಚಾ ಎನ್ನುವುದು ಅಂಕಿ ಕಳಪೆ ಎಂಬ ಕಾರಣಕ್ಕಲ್ಲ. ಛೇದದಲ್ಲಿ ಎಲ್ಲರೂ ಇರುತ್ತಾರೆ ಎಂಬ ಕಾರಣಕ್ಕೆ. ಹೆರುವ ವಯಸ್ಸಿನ ಹೆಂಗಸರ ಜೊತೆಗೆ ಜಗಲಿಯ ಮೇಲೆ ಕೂತ ಅಜ್ಜ, ಅಂಗನವಾಡಿಯ ಮಗು, ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಹಬ್ಬಕ್ಕೆ ಬರುವ ಹುಡುಗ, ಎಲ್ಲರೂ ಆ ಮೂವತ್ತು ಸಾವಿರದೊಳಗೆ ಇದ್ದಾರೆ.

ಭಾಗಾಕಾರ ಸುಲಭ, ಎಣಿಕೆ ಸುಲಭವಲ್ಲ. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರುಮನೆಯಲ್ಲಿ. ನಿಮ್ಮ ವ್ಯಾಪ್ತಿಯ ಸೊಸೆ ಏಳನೇ ತಿಂಗಳಲ್ಲಿ ತವರಿಗೆ ಹೋಗುತ್ತಾಳೆ, ಅಲ್ಲಿನ ತಾಲ್ಲೂಕು ಆಸ್ಪತ್ರೆಯಲ್ಲಿ ಹೆರಿಗೆಯಾಗುತ್ತದೆ, ಐದು ತಿಂಗಳ ಕೂಸನ್ನು ಎತ್ತಿಕೊಂಡು ಗಂಡನ ಮನೆಗೆ ಬರುತ್ತಾಳೆ. ಆ ಮಗು ಎಷ್ಟು ಕಡೆ ಎಣಿಕೆಯಾಯಿತು? ಜನನ ನೋಂದಣಿ ಘಟನೆ ನಡೆದ ಊರಿನಲ್ಲಿ ಆಗುತ್ತದೆ. ಆದ್ದರಿಂದ ಆಸ್ಪತ್ರೆಯಿರುವ ಪಟ್ಟಣದ ನೋಂದಣಿಯನ್ನು ಆ ಪಟ್ಟಣದ ಜನಸಂಖ್ಯೆಯಿಂದ ಭಾಗಿಸಿದರೆ ದರ ಕೃತಕವಾಗಿ ಏರುತ್ತದೆ, ಸುತ್ತಲ ಹಳ್ಳಿಗಳಲ್ಲಿ ಹೆರಿಗೆಯೇ ಇಲ್ಲವೇನೋ ಅನ್ನಿಸುತ್ತದೆ. ತವರಿನ ಆಶಾ ಕಾರ್ಯಕರ್ತೆ ಬರೆದುಕೊಂಡಿದ್ದಾಳೆ; ಗಂಡನ ಊರಿನವಳು ಕೂಸು ಬಂದ ಮೇಲೆ ಲಸಿಕೆಗಾಗಿ ಬರೆದುಕೊಳ್ಳುತ್ತಾಳೆ. ಕೆಲವೊಮ್ಮೆ ಎರಡು ಕಡೆ, ಕೆಲವೊಮ್ಮೆ ಎಲ್ಲೂ ಇಲ್ಲ. ಮಾದರಿ ನೋಂದಣಿ ವ್ಯವಸ್ಥೆ, ಎಲ್ಲರೂ ಎಸ್‌ಆರ್‌ಎಸ್ ಎನ್ನುವುದು, ಇದಕ್ಕೆ ಒಂದು ನಿಯಮ ಇಟ್ಟುಕೊಂಡಿದೆ: ಮಗುವನ್ನು ತಾಯಿಯ ವಾಡಿಕೆಯ ವಾಸಸ್ಥಳಕ್ಕೆ ಸೇರಿಸಬೇಕು. ಸೊಸೆ ಹೊರಗೆ ಹೆತ್ತರೂ ಅದು ಗಂಡನ ಊರಿನ ಲೆಕ್ಕ. ತವರಿಗೆ ಬಂದವಳ ಹೆರಿಗೆ ತವರಿನ ಲೆಕ್ಕವಲ್ಲ. ಸ್ಥಳೀಯ ಗಣತಿದಾರ ವರ್ಷವಿಡೀ ಬರೆದದ್ದನ್ನು, ಮೇಲ್ವಿಚಾರಕ ಆರು ತಿಂಗಳಿಗೊಮ್ಮೆ ಬೇರೆಯಾಗಿಯೇ ಮನೆಮನೆ ಸುತ್ತಿ ಬರೆದದ್ದರ ಜೊತೆ ತಾಳೆ ಹಾಕುತ್ತಾರೆ. ತಾಳೆಯಾಗದ ಹೆಸರುಗಳಿಗಾಗಿ ಮತ್ತೆ ಊರಿಗೆ ಹೋಗುತ್ತಾರೆ. ನಿಮ್ಮ ತಾಯಿ ಕಾರ್ಡುಗಳಿಗೂ ಇದೇ ನಿಯಮ ಹಿಡಿದರೆ ಅರ್ಧ ಗೊಂದಲ ಹೋಗುತ್ತದೆ.

ಇನ್ನೊಂದು ಮಾತು, ಉಪಕೇಂದ್ರದವರಿಗೆ. 5,000 ಜನಸಂಖ್ಯೆಯಲ್ಲಿ ವರ್ಷಕ್ಕೆ ಸುಮಾರು 75 ಹೆರಿಗೆ. ಏನೂ ಬದಲಾಗದಿದ್ದರೂ, ಬರೀ ಆಕಸ್ಮಿಕದಿಂದ ಈ ಸಂಖ್ಯೆ ಒಂದು ವರ್ಷ 60 ಆಗಬಹುದು, ಇನ್ನೊಂದು ವರ್ಷ 90. ದರ 12ಕ್ಕೆ ಇಳಿಯಿತು, 18ಕ್ಕೆ ಏರಿತು ಎಂದು ಪರಿಶೀಲನಾ ಸಭೆಯಲ್ಲಿ ಒಬ್ಬರನ್ನು ಹೊಗಳಿ ಇನ್ನೊಬ್ಬರನ್ನು ನಿಲ್ಲಿಸಿ ಕೇಳುವುದಿದೆಯಲ್ಲ, ಬಹಳ ಸಲ ಅದು ಪಗಡೆ ಬಿದ್ದದ್ದಕ್ಕೆ ಶಿಕ್ಷೆ. ಉಪಕೇಂದ್ರದ ಮಟ್ಟದಲ್ಲಿ ಮೂರು ವರ್ಷದ ಹೆರಿಗೆಗಳನ್ನು ಕೂಡಿಸಿ ನೋಡಿ.

ಈಗ ಟಿಎಫ್‌ಆರ್. ಅದೇ 453 ಹೆರಿಗೆಗಳನ್ನು ತಾಯಿಯ ವಯಸ್ಸಿನ ಪ್ರಕಾರ ಏಳು ಗುಂಪು ಮಾಡಬೇಕು. ನಮ್ಮ ಕೇಂದ್ರದಲ್ಲಿ 15-19 ವಯಸ್ಸಿನ ಹೆಣ್ಣುಮಕ್ಕಳು 1,300. ಅವರಿಗೆ ಹುಟ್ಟಿದ ಮಕ್ಕಳು 39. ಸಾವಿರಕ್ಕೆ 30 ಆಯಿತು. 20-24ರಲ್ಲಿ 1,400 ಮಂದಿಗೆ 182, ಸಾವಿರಕ್ಕೆ 130. 25-29ರಲ್ಲಿ 1,400 ಮಂದಿಗೆ 154, ಸಾವಿರಕ್ಕೆ 110. ಮೂವತ್ತು ದಾಟಿದ ಮೇಲೆ ಬೇಗ ಇಳಿಯುತ್ತದೆ: 1,250ಕ್ಕೆ 56, 1,150ಕ್ಕೆ 17, 950ಕ್ಕೆ 4, 45 ದಾಟಿದ 850 ಮಂದಿಗೆ 1. ಈ ಏಳು ದರಗಳನ್ನು ಕೂಡಿಸಿದರೆ ಸಾವಿರಕ್ಕೆ ಸುಮಾರು 335. ಒಬ್ಬ ಹೆಂಗಸು ಒಂದೊಂದು ಗುಂಪಿನಲ್ಲೂ ಐದೈದು ವರ್ಷ ಕಳೆಯುತ್ತಾಳೆ, ಹಾಗಾಗಿ ಐದರಿಂದ ಗುಣಿಸಬೇಕು. 1,675. ಸಾವಿರದಿಂದ ಭಾಗಿಸಿದರೆ 1.7. ಐದರ ಗುಣಾಕಾರ ಮರೆಯುವವರು ಪ್ರತಿ ತರಬೇತಿಯಲ್ಲೂ ಇಬ್ಬರಾದರೂ ಇರುತ್ತಾರೆ. ಆದರೆ ಆ ತಪ್ಪು 0.3 ಎಂಬ ಉತ್ತರ ಕೊಟ್ಟು ತಾನೇ ಸಿಕ್ಕಿಬೀಳುತ್ತದೆ.

ಸಿಕ್ಕಿಬೀಳದ ತಪ್ಪು ಬೇರೆ ಇದೆ. ಛೇದದಲ್ಲಿ ಆ ವಯಸ್ಸಿನ ಎಲ್ಲ ಹೆಣ್ಣುಮಕ್ಕಳೂ ಇರಬೇಕು, ಮದುವೆಯಾಗದವರೂ ಸೇರಿ. ನಿಮ್ಮ ಕೈಯಲ್ಲಿರುವುದು ಅರ್ಹ ದಂಪತಿಗಳ ವಹಿ. ಅದರಲ್ಲಿ ಹೆರುವ ವಯಸ್ಸಿನ ಮದುವೆಯಾದವರು ಮಾತ್ರ. ಆ 1,300 ಹುಡುಗಿಯರಲ್ಲಿ ಮದುವೆಯಾದವರು 150 ಅಂದುಕೊಳ್ಳಿ. 39ನ್ನು 150ರಿಂದ ಭಾಗಿಸಿದರೆ ದರ ಸಾವಿರಕ್ಕೆ 30ರ ಬದಲು 260 ಆಗುತ್ತದೆ. ಈ ಒಂದೇ ಗುಂಪಿನ ತಪ್ಪಿನಿಂದ ಟಿಎಫ್‌ಆರ್ 1.7ರಿಂದ 2.8ಕ್ಕೆ ಹಾರುತ್ತದೆ. ಅಂಕಿ ನೋಡಲು ಅಸಂಭವ ಅನ್ನಿಸುವುದಿಲ್ಲ, ಹಾಗಾಗಿ ವರದಿಯೊಳಗೆ ಸಲೀಸಾಗಿ ಹೋಗಿಬಿಡುತ್ತದೆ.

ಇಲ್ಲಿ ಟಿಎಫ್‌ಆರ್‌ನ ಸ್ವಭಾವ ಹೇಳಬೇಕು. 1.7 ಎಂದರೆ ಈ ಊರಿನ ಹೆಂಗಸರು ಸರಾಸರಿ 1.7 ಮಕ್ಕಳನ್ನು ಹೆತ್ತಿದ್ದಾರೆ ಎಂದಲ್ಲ. ಈಗ 48 ವರ್ಷದವಳನ್ನು ಕೇಳಿ, ಮೂರೋ ನಾಲ್ಕೋ ಇರಬಹುದು. ಇವತ್ತು 15 ತುಂಬಿದ ಹುಡುಗಿ 50ರವರೆಗೆ ಬದುಕಿದ್ದು, ಪ್ರತಿ ವಯಸ್ಸಿನಲ್ಲೂ ಈ ವರ್ಷದ ದರದಲ್ಲೇ ಹೆತ್ತರೆ ಎಷ್ಟಾಗುತ್ತಿತ್ತು ಎಂಬ ಊಹೆಯ ಲೆಕ್ಕ ಅದು. ಅದರ ಲಾಭ ಏನೆಂದರೆ ಊರಿನಲ್ಲಿ ಯಾವ ವಯಸ್ಸಿನವರು ಎಷ್ಟಿದ್ದಾರೆ ಎಂಬುದು ಅದನ್ನು ಕದಲಿಸುವುದಿಲ್ಲ. ಪರೀಕ್ಷೆ ಮಾಡಿ: ದರಗಳು ಹಾಗೇ ಇರಲಿ, ಆದರೆ 20ರ ಹರೆಯದ ಎರಡು ಗುಂಪಿನವರು ತಲಾ 1,400ರ ಬದಲು ತಲಾ 1,000 ಇರಲಿ, ಉಳಿದ ಎಂಟುನೂರು ಮಂದಿಯ ಬದಲಿಗೆ ಅಷ್ಟೇ ಅಜ್ಜಿಯರು ಇರಲಿ. ಹೆರಿಗೆ 453ರಿಂದ 357ಕ್ಕೆ ಇಳಿಯುತ್ತದೆ, ಕಚ್ಚಾ ಜನನ ದರ 15ರಿಂದ 12ಕ್ಕೆ. ಟಿಎಫ್‌ಆರ್ ಅದೇ 1.7. ಒಬ್ಬ ಹೆಂಗಸಿನ ನಡವಳಿಕೆಯೂ ಬದಲಾಗಿಲ್ಲ.

ಇದರ ಉಲ್ಟಾ ನಮ್ಮ ದೇಶದಲ್ಲೇ ನಡೆದಿದೆ. ಎಸ್‌ಆರ್‌ಎಸ್ ಪ್ರಕಾರ 1971ರಲ್ಲಿ ಭಾರತದ ಕಚ್ಚಾ ಜನನ ದರ 36.9, ಟಿಎಫ್‌ಆರ್ 5.2. 1991ರಲ್ಲಿ 29.5 ಮತ್ತು 3.6. ಜನನ ದರ ಶೇ. 20ರಷ್ಟು ಇಳಿದರೆ ಟಿಎಫ್‌ಆರ್ ಶೇ. 31ರಷ್ಟು ಇಳಿದಿತ್ತು. ಎಂಬತ್ತರ ದಶಕದ ಮೊದಲ ಭಾಗದಲ್ಲಂತೂ ಜನನ ದರ 33ರ ಆಸುಪಾಸಿನಲ್ಲೇ ನಿಂತುಬಿಟ್ಟಿತು, ಕುಟುಂಬ ಯೋಜನೆ ಕಾರ್ಯಕ್ರಮ ಸೋತಿತು ಎಂಬ ಮಾತು ಎದ್ದಿತು. ಆ ಹೊತ್ತಿಗೆ ಅರವತ್ತರ ದಶಕದಲ್ಲಿ ಹುಟ್ಟಿದ ದೊಡ್ಡ ಪೀಳಿಗೆಯ ಹುಡುಗಿಯರು ಹೆರುವ ವಯಸ್ಸಿಗೆ ಬಂದಿದ್ದರು. ಒಬ್ಬೊಬ್ಬರಿಗೆ ಮಕ್ಕಳು ಕಡಿಮೆ, ಹೆರುವವರು ಹೆಚ್ಚು.

ಮರುಭರ್ತಿ ಮಟ್ಟಕ್ಕೆ ಬರೋಣ. 2.1 ಎಂಬುದು ಎಲ್ಲರ ಬಾಯಲ್ಲೂ ಇದೆ. ಎರಡರ ಮೇಲಿನ ಆ 0.1 ಯಾಕೆ ಎಂದು ಕೇಳಿದರೆ ಸಭೆ ಮೌನವಾಗುತ್ತದೆ. ಒಬ್ಬ ತಾಯಿಯ ಜಾಗಕ್ಕೆ ಮುಂದಿನ ಪೀಳಿಗೆಯಲ್ಲಿ ಹೆರುವ ವಯಸ್ಸು ತಲುಪಿದ ಒಬ್ಬ ಮಗಳು ಬರಬೇಕು. ಸಹಜವಾಗಿ 100 ಹೆಣ್ಣುಮಕ್ಕಳಿಗೆ ಸುಮಾರು 105 ಗಂಡುಮಕ್ಕಳು ಹುಟ್ಟುತ್ತಾರೆ. ಅಂದರೆ ಒಂದು ಹೆಣ್ಣುಮಗುವಿಗೆ ಒಟ್ಟು 2.05 ಮಕ್ಕಳು ಬೇಕು. ಹುಟ್ಟಿದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 97 ಮಂದಿ ತಾಯಾಗುವ ವಯಸ್ಸಿನವರೆಗೆ ಉಳಿದರೆ, 2.05ನ್ನು 0.97ರಿಂದ ಭಾಗಿಸಿ: 2.11. ಅಲ್ಲಿಂದ ಬಂತು 2.1.

ಹಾಗಾದರೆ ಇದು ಕಲ್ಲಿನಲ್ಲಿ ಕೆತ್ತಿದ ಸಂಖ್ಯೆಯಲ್ಲ. ನೂರರಲ್ಲಿ 60 ಹೆಣ್ಣುಮಕ್ಕಳಷ್ಟೇ ಉಳಿಯುವ ಸಮಾಜಕ್ಕೆ ಮರುಭರ್ತಿ ಮಟ್ಟ 3.4. ಭ್ರೂಣಲಿಂಗ ಪತ್ತೆಯ ಪಿಡುಗಿನಿಂದ 100 ಹೆಣ್ಣಿಗೆ 115 ಗಂಡು ಹುಟ್ಟುವ ಜಿಲ್ಲೆಗೆ, ಸಾವು ಎಷ್ಟೇ ಕಡಿಮೆ ಇರಲಿ, 2.2 ಬೇಕು. ಅಂಥ ಜಿಲ್ಲೆ 2.1 ಮುಟ್ಟಿದೆ ಎಂದರೆ ಅದು ಆಗಲೇ ಮಟ್ಟದ ಕೆಳಗಿದೆ.

ಮರುಭರ್ತಿ ಮಟ್ಟ ಮುಟ್ಟಿದ ವರ್ಷದಿಂದ ಜನಸಂಖ್ಯೆ ನಿಲ್ಲುತ್ತದೆ ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ. 2020ರ ಎಸ್‌ಆರ್‌ಎಸ್ ತೆಗೆಯಿರಿ. ಭಾರತದ ಟಿಎಫ್‌ಆರ್ 2.0. ಅದೇ ವರ್ಷದ ಕಚ್ಚಾ ಜನನ ದರ 19.5, ಮರಣ ದರ 6.0. ಕಳೆದರೆ ಸಾವಿರಕ್ಕೆ 13.5, ಅಂದರೆ ಶೇ. 1.35ರ ಬೆಳವಣಿಗೆ. ಟಿಎಫ್‌ಆರ್ ಮಟ್ಟದ ಕೆಳಗೆ ಹೋದ ಮೇಲೂ ಆ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 1.9 ಕೋಟಿ ಜನ ಹೆಚ್ಚುತ್ತಿದ್ದರು. ಹಿಂದೆ ಹೆಚ್ಚು ಮಕ್ಕಳು ಹುಟ್ಟಿದ ಕಾಲದವರು ಈಗ ತಾಯಿಯರ ವಯಸ್ಸಿನಲ್ಲಿದ್ದಾರೆ, ಸಾಯುವ ವಯಸ್ಸಿನವರು ಆ ಹಿಂದಿನ ಸಣ್ಣ ಪೀಳಿಗೆ. ಇದನ್ನು ಜನಸಂಖ್ಯೆಯ ಓಟದ ಬಲ ಎನ್ನುತ್ತಾರೆ; ಪೆಡಲ್ ನಿಲ್ಲಿಸಿದ ಮೇಲೂ ಸೈಕಲ್ ಉರುಳುತ್ತದಲ್ಲ, ಹಾಗೆ. 2000ದ ರಾಷ್ಟ್ರೀಯ ಜನಸಂಖ್ಯಾ ನೀತಿ ಬರೆದವರಿಗೆ ಇದು ಗೊತ್ತಿತ್ತು. ಅದಕ್ಕೇ ಮರುಭರ್ತಿ ಮಟ್ಟಕ್ಕೆ 2010 ಎಂದೂ ಜನಸಂಖ್ಯೆ ಸ್ಥಿರವಾಗಲು 2045 ಎಂದೂ ಎರಡು ಬೇರೆ ಗುರಿ ಬರೆದರು.

ಕೊನೆಯದು ದಂಪತಿ ರಕ್ಷಣಾ ದರ. ನಾಲ್ಕರಲ್ಲಿ ಇದೊಂದೇ ಹೆರಿಗೆಯನ್ನು ಎಣಿಸುವುದಿಲ್ಲ. ಹೆರಿಗೆ ಆಗದಂತೆ ರಕ್ಷಣೆ ಪಡೆದ ದಂಪತಿಗಳನ್ನು ಎಣಿಸುತ್ತದೆ. ಸಾವಿರ ಜನಸಂಖ್ಯೆಗೆ ಸುಮಾರು 170 ಅರ್ಹ ದಂಪತಿಗಳು ಎಂಬುದು ವಾಡಿಕೆಯ ಅಂದಾಜು. ನಮ್ಮ ಕೇಂದ್ರಕ್ಕೆ 5,100. ರಕ್ಷಣೆ ಹೇಗೆ ಲೆಕ್ಕ ಮಾಡುವುದು? ಸಂತಾನಹರಣ ಆಪರೇಷನ್ ಆದವರು 2,600, ಇವರಿಗೆ ನೂರಕ್ಕೆ ನೂರು ಅಂಕ. ಗರ್ಭಕೋಶದೊಳಗೆ ವಂಕಿ ಹಾಕಿಸಿಕೊಂಡವರು 200, ಶೇ. 95ರ ಲೆಕ್ಕದಲ್ಲಿ 190. ಮಾತ್ರೆಗೆ ತಲೆ ಎಣಿಸುವುದಿಲ್ಲ, ಪಟ್ಟಿ ಎಣಿಸುತ್ತಾರೆ: ವರ್ಷಕ್ಕೆ 13 ಪಟ್ಟಿ ಎಂದರೆ ಒಬ್ಬ ಬಳಕೆದಾರಳು. 1,560 ಪಟ್ಟಿ ಹಂಚಿದ್ದರೆ 120, ಪೂರ್ತಿ ಅಂಕ. ನಿರೋಧ್‌ಗೆ 72ಕ್ಕೆ ಒಬ್ಬ. 21,600 ಹಂಚಿದ್ದರೆ 300 ಮಂದಿ, ಅದಕ್ಕೆ ಅರ್ಧ ಅಂಕ, 150. ಕೂಡಿಸಿ: 3,060. 5,100ರಲ್ಲಿ ಅದು ಸರಿಯಾಗಿ ಶೇ. 60.

ಈ ಅರವತ್ತನ್ನು ನಾನು ಬೇಕೆಂದೇ ಬರಿಸಿದೆ. 1983ರ ರಾಷ್ಟ್ರೀಯ ಆರೋಗ್ಯ ನೀತಿ 2000ದ ಹೊತ್ತಿಗೆ ಕಚ್ಚಾ ಜನನ ದರ 21 ಆಗಬೇಕು, ಒಬ್ಬ ತಾಯಿಗೆ ಬದಲಾಗಿ ಒಬ್ಬ ಮಗಳು ಎಂಬ ಮಟ್ಟ ಬರಬೇಕು, ಅದಕ್ಕೆ ಶೇ. 60 ದಂಪತಿಗಳಿಗೆ ರಕ್ಷಣೆ ಬೇಕು ಎಂದಿತ್ತು. ಅರವತ್ತು ಒಂದು ಅಂದಾಜಾಗಿತ್ತು, ಕೆಳಗಿನ ಕಚೇರಿಗಳಲ್ಲಿ ಅದು ತಿಂಗಳ ಗುರಿಯಾಯಿತು. ಒಂದು ಆಪರೇಷನ್ ಮೂರು ವಂಕಿಗೆ ಸಮ, ಒಂಬತ್ತು ಮಾತ್ರೆ ಬಳಕೆದಾರರಿಗೆ ಸಮ, ಹದಿನೆಂಟು ನಿರೋಧ್ ಬಳಕೆದಾರರಿಗೆ ಸಮ ಎಂಬ ವಿನಿಮಯ ದರವೂ ಇತ್ತು. ಗುರಿ ಮುಟ್ಟಬೇಕಾದ ಕಾರ್ಯಕರ್ತೆ ಯಾರನ್ನು ಹುಡುಕುತ್ತಾಳೆ ಹೇಳಿ? ಒಪ್ಪಿಸಲು ಸುಲಭವಾದವಳನ್ನು. ನಾಲ್ಕು ಮಕ್ಕಳಾಗಿ 38 ದಾಟಿದ, ಹೇಗೂ ಇನ್ನು ಹೆರುವ ಸಂಭವ ಕಡಿಮೆಯಿದ್ದವಳನ್ನು. ದರದಲ್ಲಿ ಅವಳೂ ಒಂದು, ಎರಡನೇ ಮಗುವಾದ ಮೇಲೆ 25ಕ್ಕೆ ಆಪರೇಷನ್ ಮಾಡಿಸಿಕೊಂಡವಳೂ ಒಂದು. ತಡೆದ ಹೆರಿಗೆಗಳು ಮಾತ್ರ ಒಂದೇ ಅಲ್ಲ. 1971ರಿಂದ 1991ರೊಳಗೆ ದೇಶದ ದಂಪತಿ ರಕ್ಷಣಾ ದರ ಶೇ. 10ರಿಂದ 44ಕ್ಕೆ ಏರಿ ನಾಲ್ಕು ಪಟ್ಟಾದರೂ ಜನನ ದರ ಐದನೇ ಒಂದು ಭಾಗವಷ್ಟೇ ಇಳಿಯಲು ಈ ವಯಸ್ಸಿನ ವಿಷಯವೂ ಒಂದು ಕಾರಣ. ಆ ಗುರಿಗಳನ್ನು 1996ರಲ್ಲಿ ಕೈಬಿಟ್ಟರು.

ಸ್ವಲ್ಪ ದಾರಿ ತಪ್ಪುತ್ತೇನೆ. ಹಂಚಿದ್ದೆಲ್ಲ ಬಳಕೆಯಲ್ಲ ಎಂಬ ಪಾಠ ನಮ್ಮ ರಾಜ್ಯದಲ್ಲೇ ಬಹಳ ಹಿಂದೆ ಸಿಕ್ಕಿತ್ತು. 1950ರ ದಶಕದ ಮೊದಲಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸುರಕ್ಷಿತ ದಿನಗಳ ವಿಧಾನವನ್ನು ಪರೀಕ್ಷಿಸಲು ದೆಹಲಿಯ ಲೋದಿ ಕಾಲೊನಿಯ ಜೊತೆಗೆ ಆರಿಸಿದ್ದು ನಮ್ಮ ರಾಮನಗರವನ್ನು. ದಿನಕ್ಕೊಂದು ಮಣಿ ಸರಿಸಿ, ಬಣ್ಣ ನೋಡಿ ದಿನ ತಿಳಿಯಲಿ ಎಂದು ಹೆಂಗಸರಿಗೆ ಮಣಿಸರ ಕೊಟ್ಟರು. ಮಣಿಸರ ಮನೆ ಸೇರುವುದು ಬೇರೆ, ತಿಂಗಳುಗಟ್ಟಲೆ ತಪ್ಪದೆ ಮಣಿ ಸರಿಸುವುದು ಬೇರೆ. ನಿರೋಧ್‌ಗೆ ಅರ್ಧ ಅಂಕ ಕೊಡುವುದರ ಹಿಂದೆಯೂ ಇದೇ ಅನುಮಾನವಿದೆ.

ವಹಿಯಲ್ಲಿ ನಿಜವಾಗಿ ಕೆಡುವುದು ಆಪರೇಷನ್ ಆದವರ ಸಾಲು. ಒಮ್ಮೆ ಬರೆದ ಹೆಸರನ್ನು ಯಾರೂ ಹೊಡೆದುಹಾಕುವುದಿಲ್ಲ. ಆ 2,600ರಲ್ಲಿ 150 ಮಂದಿಗೆ 50 ತುಂಬಿದೆ, ಅವರು ಈಗ ಅರ್ಹ ದಂಪತಿಗಳೇ ಅಲ್ಲ. ಛೇದ ಮಾತ್ರ ಜನಸಂಖ್ಯೆಯ ಅಂದಾಜಿನಿಂದ ಬಂದದ್ದು, ಅದರಲ್ಲಿ ಅವರಿಲ್ಲ. ತೆಗೆದರೆ ದರ 60ರಿಂದ 57ಕ್ಕೆ ಇಳಿಯುತ್ತದೆ. ಹತ್ತು ವರ್ಷ ತೆಗೆಯದಿದ್ದರೆ ಕೆಲವು ಊರುಗಳಲ್ಲಿ ದರ ನೂರನ್ನು ದಾಟಿರುತ್ತದೆ, ಆಗ ಎಲ್ಲರೂ ಗಾಬರಿಯಾಗುತ್ತಾರೆ. ಏಪ್ರಿಲ್‌ನಲ್ಲಿ ಹೊಸ ವಹಿ ಬರೆಯುವಾಗ ಹುಟ್ಟಿದ ವರ್ಷದ ಕಾಲಂ ಮೇಲೆ ಒಮ್ಮೆ ಬೆರಳಾಡಿಸಿದರೆ ಸಾಕು.

ಈಗ ಹಲಗೆಯ ಒಗಟಿಗೆ ವಾಪಸ್ಸು. ಸಮೀಕ್ಷೆಯ ಬಳಕೆ ದರ ವಹಿಯ ದಂಪತಿ ರಕ್ಷಣಾ ದರವಲ್ಲ. ಸಮೀಕ್ಷೆಯವರು ಹೆಂಗಸನ್ನೇ ಕೇಳುತ್ತಾರೆ, ವಿಧಾನಕ್ಕೆ ಅಂಕ ಹಾಕುವುದಿಲ್ಲ. ನಮ್ಮ ಕೇಂದ್ರದ ಲೆಕ್ಕವನ್ನೇ ಹಾಗೆ ಮಾಡಿದರೆ 3,220 ಮಂದಿ, ಶೇ. 63. ಆದರೂ ಎರಡೂ ಒಂದೇ ಜಾತಿಯವು. ಹಲವು ದೇಶಗಳ ಅಂಕಿಗಳಿಂದ ಒಂದು ಒರಟು ಸೂತ್ರ ಬಳಕೆಯಲ್ಲಿದೆ: ಬಳಕೆ 15 ಅಂಶ ಏರಿದರೆ ಟಿಎಫ್‌ಆರ್ ಒಂದರಷ್ಟು ಇಳಿಯುತ್ತದೆ. ಆ ಪ್ರಕಾರ 12 ಅಂಶ ಕುಸಿದಾಗ ಕರ್ನಾಟಕದ ಟಿಎಫ್‌ಆರ್ 0.8ರಷ್ಟು ಏರಬೇಕಿತ್ತು. ಇಳಿದದ್ದು 0.3.

ಒಂದು ಭಾಗವನ್ನು ಮದುವೆಯ ವಯಸ್ಸು ವಿವರಿಸುತ್ತದೆ. ಬಳಕೆ ದರದ ಛೇದದಲ್ಲಿ ಮದುವೆಯಾದವರು ಮಾತ್ರ, ಟಿಎಫ್‌ಆರ್ ಛೇದದಲ್ಲಿ ಎಲ್ಲರೂ ಎಂದೆನಲ್ಲ. ಹುಡುಗಿಯರು ತಡವಾಗಿ ಮದುವೆಯಾದಷ್ಟೂ ಯಾರೂ ಏನೂ ಬಳಸದೆಯೇ ಟಿಎಫ್‌ಆರ್ ಇಳಿಯುತ್ತದೆ. ಗರ್ಭಪಾತವೂ ಅಷ್ಟೆ, ಬಳಕೆ ದರದಲ್ಲಿ ಅದಕ್ಕೆ ಜಾಗವಿಲ್ಲ. ಆದರೆ 12 ಅಂಶಕ್ಕೆ ಇವಿಷ್ಟು ಸಾಲದು. ಬಳಕೆಯ ಒಳಗಿನ ಮುಖ್ಯ ತುಂಡನ್ನು ನೋಡಿ: ಹೆಂಗಸರ ಆಪರೇಷನ್. ಮೂರು ಸುತ್ತಿನಲ್ಲಿ ಅದು ಸುಮಾರು ಶೇ. 57, ಆಮೇಲೆ 49, ಮತ್ತೆ 57. ಮಾತ್ರೆ ಬಿಡಬಹುದು, ವಂಕಿ ತೆಗೆಸಬಹುದು. ಆಪರೇಷನ್ ಬಿಡಲಾಗುವುದಿಲ್ಲ. ಅದು ಮೂವತ್ತು ವರ್ಷದ ಆಪರೇಷನ್‌ಗಳು ಸೇರಿ ಆದ ಕೆರೆ; ಅದರ ಮಟ್ಟ ಹತ್ತು ವರ್ಷದಲ್ಲಿ ನಿಧಾನವಾಗಿ ಇಳಿಯಬಹುದು, ನಾಲ್ಕೇ ವರ್ಷದಲ್ಲಿ ಮತ್ತೆ ತುಂಬಿತು ಎಂದರೆ ಆ ನಾಲ್ಕು ವರ್ಷದ ಆಪರೇಷನ್ ಥಿಯೇಟರಿನ ವಹಿಗಳಲ್ಲಿ ಪ್ರವಾಹವೇ ಕಾಣಬೇಕು. ನನ್ನ ಅಭಿಪ್ರಾಯದಲ್ಲಿ ನಡುವಿನ ಸುತ್ತಿನ ತಗ್ಗಿನಲ್ಲಿ ಒಳ್ಳೆಯ ಪಾಲು ಅಳತೆಯದು, ಕೇಳುವಾಗಲೋ ಬರೆಯುವಾಗಲೋ ಬಿಟ್ಟುಹೋದದ್ದು. ಮಗುವನ್ನು ಮುಚ್ಚಿಡುವುದು ಕಷ್ಟ, ವಿಧಾನವನ್ನು ಹೇಳದೆ ಬಿಡುವುದು ಸುಲಭ. ಎರಡು ಅಂಕಿ ಜಗಳವಾಡಿದರೆ ನಾನು ಹೆರಿಗೆಯ ಅಂಕಿಯ ಕಡೆ ನಿಲ್ಲುತ್ತೇನೆ.

ಶೇ. 60 ಆಯಿತು, ಉಳಿದ 40ರ ಕತೆಯೇನು ಎಂದು ಹಿಂದಿನ ಸಾಲಿನಿಂದ ಚೀಟಿ ಬಂದಿದೆ. ನಮ್ಮ ಕೇಂದ್ರದಲ್ಲಿ ರಕ್ಷಣೆಯ ಲೆಕ್ಕಕ್ಕೆ ಬಾರದವರು 2,040. ಅವರನ್ನೆಲ್ಲ ಹಿಂಬಾಲಿಸಲು ಹೊರಡಬೇಡಿ. ವರ್ಷಕ್ಕೆ 453 ಹೆರಿಗೆ ಎಂದರೆ ಯಾವ ದಿನ ಹೋದರೂ ಸುಮಾರು 340 ಮಂದಿ ಬಸುರಿಯರು. ಆರು ತಿಂಗಳೊಳಗಿನ ಬಾಣಂತಿಯರು ಸುಮಾರು 225. ಹೊಸದಾಗಿ ಮದುವೆಯಾಗಿ ಮಗು ಬೇಕೆನ್ನುವವರು, ಒಂದಾಗಿ ಇನ್ನೊಂದು ಬಯಸುವವರು, ಗರ್ಭಕೋಶ ತೆಗೆಸಿಕೊಂಡವರು, ಗಂಡ ವರ್ಷಗಟ್ಟಲೆ ದೂರವಿರುವವರು, ಇವರನ್ನು ಒಂದೊಂದೇ ಹೆಸರು ಹಿಡಿದು ತೆಗೆಯಿರಿ. ಕೊನೆಗೆ ಮಗು ಬೇಡ ಅಥವಾ ಎರಡು ವರ್ಷ ಬೇಡ ಎನ್ನುತ್ತ, ಏನೂ ಬಳಸದೆ ಇರುವವರ ಪಟ್ಟಿ ಉಳಿಯುತ್ತದೆ. ಅದು ಕೆಲವು ನೂರು ಹೆಸರು ಇರಬಹುದು. ಆ ಮನೆಗಳಿಗೆ ಮೊದಲು ಹೋಗಿ, ಯಾವ ವಿಧಾನ ಬೇಕು, ಯಾಕೆ ಇನ್ನೂ ಸಿಕ್ಕಿಲ್ಲ ಎಂದು ಅವರನ್ನೇ ಕೇಳಿ ಬರೆದುಕೊಳ್ಳಿ.